160 ಅಕ್ಷರಗಳ ಪರಿಚಯ, ಪಿನ್ ಮಾಡಿದ ಒಂದು ಪೋಸ್ಟ್: ದಾವಣಗೆರೆಯ ಹೊಸ ಪದವೀಧರೆಯೊಬ್ಬರ ಪ್ರಕರಣ

ಈ ಪ್ರಕರಣದ ಅಭ್ಯರ್ಥಿ ಜಗಳೂರು ತಾಲ್ಲೂಕಿನ ಯುವತಿ. ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜೊಂದರಲ್ಲಿ 2025ರಲ್ಲಿ ಬಿ.ಸಿ.ಎ. ಮುಗಿಸಿ, ಡೇಟಾ ಅನಲಿಸ್ಟ್ ಟ್ರೈನಿ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದರು. ಅವರ ಹೆಸರನ್ನು ಇಲ್ಲಿ ಕೊಡುತ್ತಿಲ್ಲ. ಪದವಿ ತರಗತಿಗಳಿಗೆ ಸಂಖ್ಯಾಶಾಸ್ತ್ರ ಪಾಠ ಮಾಡುವ ನಾನು, ಕೆಲಸ ಹುಡುಕುವ ವಿದ್ಯಾರ್ಥಿಗಳ ಪ್ರೊಫೈಲುಗಳನ್ನು ಅವರ ಕೋರಿಕೆಯ ಮೇರೆಗೆ ಓದಿ ಅಭಿಪ್ರಾಯ ಹೇಳುತ್ತೇನೆ. ಈ ಪ್ರೊಫೈಲ್ ನನ್ನ ಬಳಿಗೆ ಬಂದದ್ದು ಹಾಗೆಯೇ.

ಅವರ ಎಕ್ಸ್ ಖಾತೆಯ ಪರಿಚಯ ಇಂಗ್ಲಿಷಿನಲ್ಲಿತ್ತು. ಅದರ ಕನ್ನಡ ರೂಪ ಹೀಗಿದೆ: "ಡೇಟಾ ಸೈಂಟಿಸ್ಟ್ | ಎಐ, ಎಂಎಲ್ ಪರಿಣತೆ | ಪೈಥಾನ್, ಆರ್, ಎಸ್‌ಕ್ಯೂಎಲ್, ಪವರ್ ಬಿಐ, ಟ್ಯಾಬ್ಲೋ | ಕಲಿಯುತ್ತಲೇ ಇರುವವಳು". ಅದರ ಕೆಳಗೆ ಪಿನ್ ಮಾಡಿದ್ದ ಪೋಸ್ಟ್ ಹೇಳುತ್ತಿದ್ದುದು ಇಷ್ಟು: ಮೆಕ್ಕೆಜೋಳದ ಬೆಲೆಯನ್ನು 97% ನಿಖರತೆಯಿಂದ ಊಹಿಸುವ ಎಐ ವ್ಯವಸ್ಥೆಯನ್ನು ನಾನು ನಿರ್ಮಿಸಿದ್ದೇನೆ. ಜೊತೆಗೆ ಒಂದು ಗ್ರಾಫ್ ಇತ್ತು. ಅದರಲ್ಲಿ ನಿಜವಾದ ಬೆಲೆಯ ಗೆರೆ ಮತ್ತು ಊಹಿಸಿದ ಬೆಲೆಯ ಗೆರೆ ಒಂದರ ಮೇಲೊಂದು ಕೂತಂತೆ ಕಾಣುತ್ತಿದ್ದವು.

ಬೆಂಗಳೂರಿನ ಸಂಸ್ಥೆಯೊಂದರವರು ಈ ಪೋಸ್ಟ್ ನೋಡಿಯೇ ಫೋನಿನಲ್ಲಿ ಸಂದರ್ಶನ ಮಾಡಿದರು. ಅವರು ಕೇಳಿದ ಎರಡನೆಯ ಪ್ರಶ್ನೆ, "ನಿನ್ನೆಯ ಬೆಲೆಯೇ ಇವತ್ತಿಗೂ ಇರುತ್ತದೆ ಎಂದು ಸುಮ್ಮನೆ ಹೇಳಿಬಿಟ್ಟರೆ ಎಷ್ಟು ನಿಖರತೆ ಬರುತ್ತದೆ?" ಎಂಬುದಾಗಿತ್ತು. ಅಭ್ಯರ್ಥಿಗೆ ಉತ್ತರ ತಿಳಿದಿರಲಿಲ್ಲ. ಮಾತುಕತೆ ಅಲ್ಲಿಂದ ಮುಂದೆ ಹೋಗಲಿಲ್ಲ. ಅವರು ಸುಳ್ಳು ಹೇಳುವ ಉದ್ದೇಶದಿಂದ ಆ ಅಂಕಿಯನ್ನು ಬರೆದಿರಲಿಲ್ಲ. ಪ್ರಾಜೆಕ್ಟ್ ವರದಿಯಲ್ಲಿ ಇದ್ದುದನ್ನೇ ಎತ್ತಿ ಬರೆದಿದ್ದರು. ಹೊಸ ಪದವೀಧರರ ಪ್ರೊಫೈಲುಗಳಲ್ಲಿ ನಾನು ಕಂಡಿರುವ ಉತ್ಪ್ರೇಕ್ಷೆಯ ಹೆಚ್ಚಿನ ಪಾಲು ಇದೇ ಬಗೆಯದು. ಆದ್ದರಿಂದ ಪದಗಳನ್ನು ತಿದ್ದುವುದಕ್ಕೆ ಮೊದಲು ಆ 97 ಎಲ್ಲಿಂದ ಬಂತು ಎಂಬುದನ್ನು ನೋಡಬೇಕಾಯಿತು.

97 ಎಂಬ ಅಂಕಿ

ಪ್ರಾಜೆಕ್ಟಿನ ದತ್ತಾಂಶ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದ್ದು. ದಾವಣಗೆರೆ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಮೂರು ವರ್ಷಗಳ ದಿನವಹಿ ವಿವರ: ದಿನಾಂಕ, ತಳಿ, ಆವಕ, ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಮತ್ತು ಮೋಡಲ್ ಬೆಲೆ, ಅಂದರೆ ಆ ದಿನ ಹೆಚ್ಚಿನ ವಹಿವಾಟು ಯಾವ ದರದಲ್ಲಿ ನಡೆಯಿತೋ ಆ ಬೆಲೆ. ಬೆಲೆಗಳೆಲ್ಲ ಕ್ವಿಂಟಲ್‌ಗೆ ಇಷ್ಟು ರೂಪಾಯಿ ಎಂದು ಇರುತ್ತವೆ. ಊಹಿಸಬೇಕಾಗಿದ್ದುದು ಮೋಡಲ್ ಬೆಲೆಯನ್ನು.

ವರದಿಯಲ್ಲಿದ್ದ 0.97 ನಿಖರತೆಯ ಶೇಕಡಾವಾರು ಅಲ್ಲ, ಆರ್-ಸ್ಕ್ವೇರ್ ಎಂಬ ಅಳತೆ. ಮಾದರಿಯ, ಅಂದರೆ ಬೆಲೆ ಊಹಿಸುವ ಆ ವ್ಯವಸ್ಥೆಯ ತಪ್ಪುಗಳನ್ನು, ಪ್ರತಿದಿನವೂ ಮೂರು ವರ್ಷದ ಸರಾಸರಿ ಬೆಲೆಯನ್ನೇ ಹೇಳುವವನ ತಪ್ಪುಗಳೊಂದಿಗೆ ಹೋಲಿಸಿ ನೋಡುವ ಅಳತೆ ಅದು. ಬೆಲೆಯು ಮೂರು ವರ್ಷಗಳಲ್ಲಿ ಸರಾಸರಿಯ ಸುತ್ತ ಸುಮಾರು 200 ರೂಪಾಯಿಯಷ್ಟು ಚದುರಿಕೊಂಡಿದೆ, ಮಾದರಿಯ ತಪ್ಪು ಸುಮಾರು 35 ರೂಪಾಯಿ ಎಂದಿಟ್ಟುಕೊಂಡರೆ, 35ನ್ನು 200ರಿಂದ ಭಾಗಿಸಿ ವರ್ಗ ಮಾಡಿದಾಗ 0.03 ಬರುತ್ತದೆ, ಅದನ್ನು ಒಂದರಿಂದ ಕಳೆದರೆ 0.97. ಮಾರುಕಟ್ಟೆ ಬೆಲೆ ಒಂದು ದಿನದಿಂದ ಮರುದಿನಕ್ಕೆ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ರೂಪಾಯಿಗಳಷ್ಟೇ ಸರಿಯುವುದರಿಂದ, ಏನನ್ನೂ ಕಲಿಯದೆ ನಿನ್ನೆಯ ಬೆಲೆಯನ್ನು ಪುನರುಚ್ಚರಿಸುವ ವಿಧಾನಕ್ಕೂ ಇಂಥದೇ ಅಂಕಿ ಸಿಗುತ್ತದೆ. ಸಂದರ್ಶನದಲ್ಲಿ ಕೇಳಿದ ಪ್ರಶ್ನೆಯ ಹಿಂದಿದ್ದ ತಿಳಿವಳಿಕೆ ಇದು, ಮತ್ತು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಯಾರಾದರೂ ಈ ಪೋಸ್ಟ್ ನೋಡಿದ ಕ್ಷಣ ಕೇಳಬಹುದಾದ ಪ್ರಶ್ನೆಯೇ ಅದು.

ಎರಡನೆಯ ತೊಡಕು ಪರೀಕ್ಷೆಯ ವಿಧಾನದಲ್ಲಿತ್ತು. ಸಾಲುಗಳನ್ನು ಯಾದೃಚ್ಛಿಕವಾಗಿ ಕಲಸಿ, ನೂರರಲ್ಲಿ ಎಂಬತ್ತನ್ನು ಕಲಿಕೆಗೂ ಇಪ್ಪತ್ತನ್ನು ಪರೀಕ್ಷೆಗೂ ಇಟ್ಟಿದ್ದರು. ತರಗತಿಯ ಉದಾಹರಣೆಗಳಲ್ಲಿ ಹೀಗೆಯೇ ಕಲಿಸುತ್ತೇವೆ. ಆದರೆ ದಿನಾಂಕದ ಕ್ರಮದಲ್ಲಿ ಬರುವ ಬೆಲೆಗಳಿಗೆ ಇದನ್ನು ಅನ್ವಯಿಸಿದಾಗ, 14ನೇ ತಾರೀಖಿನ ಬೆಲೆಯನ್ನು ಊಹಿಸಬೇಕಾದ ಮಾದರಿಯು 13 ಮತ್ತು 15ನೇ ತಾರೀಖಿನ ಬೆಲೆಗಳನ್ನು ಹೆಚ್ಚಿನ ಸಲ ಮೊದಲೇ ನೋಡಿರುತ್ತದೆ. ನಿಜವಾದ ಬಳಕೆಯಲ್ಲಿ ನಾಳಿದ್ದಿನ ಬೆಲೆ ಯಾರ ಕೈಯಲ್ಲೂ ಇರುವುದಿಲ್ಲ. ಮೊದಲ ಎರಡೂವರೆ ವರ್ಷವನ್ನು ಕಲಿಕೆಗೆ ಬಿಟ್ಟು, ಕೊನೆಯ ಆರು ತಿಂಗಳನ್ನು ಮಾತ್ರ ಪರೀಕ್ಷೆಗೆ ಇಟ್ಟುಕೊಳ್ಳುವುದು ಇದಕ್ಕೆ ಸರಿಯಾದ ಕ್ರಮ.

ಇಂಥ ಮಾದರಿಯ ದೌರ್ಬಲ್ಯವನ್ನು ಲೆಕ್ಕ ಮಾಡದೆಯೂ ಗುರುತಿಸಬಹುದು. ಮೂರು ವರ್ಷವನ್ನು ಒಂದೇ ಗ್ರಾಫಿನಲ್ಲಿ ತುರುಕಿದಾಗ ಎರಡು ಗೆರೆಗಳು ಒಂದೇ ಆಗಿ ಕಾಣುತ್ತವೆ. ಅದೇ ಗ್ರಾಫಿನಲ್ಲಿ ಮೂವತ್ತು ದಿನಗಳ ಒಂದು ತುಂಡನ್ನು ದೊಡ್ಡದು ಮಾಡಿ ನೋಡಲು ಹೇಳಿದೆ. ಬೆಲೆ ಏರಿದ ಪ್ರತಿ ಕಡೆಯಲ್ಲೂ ಊಹೆಯ ಗೆರೆ ಮರುದಿನ ಏರುತ್ತಿತ್ತು, ಇಳಿದ ಕಡೆಯಲ್ಲೂ ಒಂದು ದಿನ ತಡವಾಗಿ ಇಳಿಯುತ್ತಿತ್ತು. ಮಾದರಿಯು ನಿನ್ನೆಯ ಬೆಲೆಯನ್ನು ಬಲಕ್ಕೆ ಒಂದು ಮನೆ ಸರಿಸಿ ತೋರಿಸುತ್ತಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ.

ಅಭ್ಯರ್ಥಿಯು ಲೆಕ್ಕವನ್ನು ಮೊದಲಿನಿಂದ ಮಾಡಿದರು. ಹೋಲಿಕೆಗೆ ಬೇಕಾದ ಸರಳ ಊಹೆಯ ತಪ್ಪನ್ನು, ಪೈಥಾನ್‌ನಲ್ಲಿ ಕೋಷ್ಟಕಗಳನ್ನು ನಿರ್ವಹಿಸುವ ಪಾಂಡಾಸ್‌ನಲ್ಲಿ ಎರಡೇ ಸಾಲಿನಲ್ಲಿ ತೆಗೆಯಬಹುದು:

```
naive = df["modal"].shift(1)
(df["modal"] - naive).abs().tail(n_test).mean()
```

ಇಲ್ಲಿ `n_test` ಎಂದರೆ ಪರೀಕ್ಷೆಗೆ ಇಟ್ಟ ಕೊನೆಯ ಆರು ತಿಂಗಳ ಸಾಲುಗಳ ಸಂಖ್ಯೆ, `shift(1)` ಎಂದರೆ ಹಿಂದಿನ ಸಾಲು, ಅಂದರೆ ಹಿಂದಿನ ವಹಿವಾಟಿನ ದಿನ. ಭಾನುವಾರ ಮತ್ತು ರಜೆಗಳಲ್ಲಿ ಮಾರುಕಟ್ಟೆಯ ಸಾಲೇ ಇರುವುದಿಲ್ಲವಾದ್ದರಿಂದ ಅದು ಸರಿಯಾಗಿಯೇ ಇದೆ. ಆದರೆ ಒಂದೇ ದಿನಕ್ಕೆ ಎರಡು ತಳಿಗಳ ಎರಡು ಸಾಲುಗಳು ಉಳಿದುಕೊಂಡಿದ್ದರೆ ಹಿಂದಿನ ಸಾಲು ಅದೇ ದಿನದ ಬೇರೆ ತಳಿಯದಾಗಿಬಿಡುತ್ತದೆ, ಆಗ ಇಡೀ ಹೋಲಿಕೆ ಕೆಡುತ್ತದೆ. ಆದ್ದರಿಂದ ಒಂದೇ ತಳಿಯನ್ನು ಆರಿಸಿಕೊಂಡು, ಸಾಲುಗಳನ್ನು ಹಳೆಯ ದಿನಾಂಕದಿಂದ ಹೊಸದಕ್ಕೆ ಜೋಡಿಸಿ, ದಿನಾಂಕಗಳು ಎರಡೆರಡು ಸಲ ಬಂದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಈ ಸಾಲುಗಳನ್ನು ನಡೆಸಬೇಕು. ಫಲಿತಾಂಶ ಹೀಗೆ ಬಂತು: ಕೊನೆಯ ಆರು ತಿಂಗಳಲ್ಲಿ ಮಾದರಿಯ ಸರಾಸರಿ ತಪ್ಪು ಕ್ವಿಂಟಲ್‌ಗೆ 31 ರೂಪಾಯಿ, ನಿನ್ನೆಯ ಬೆಲೆಯನ್ನೇ ಹೇಳುವ ವಿಧಾನದ ತಪ್ಪು 28 ರೂಪಾಯಿ.

ಪ್ರೊಫೈಲಿನಲ್ಲಿ ಇಲ್ಲದೆ ಹೋದ ಕೆಲಸ

ಈ ಫಲಿತಾಂಶ ಕಂಡಾಗ ಅಭ್ಯರ್ಥಿಗೆ, ತಮ್ಮ ಬಳಿ ತೋರಿಸಲು ಏನೂ ಉಳಿಯಲಿಲ್ಲ ಎನಿಸಿತು. ನನ್ನ ಅಭಿಪ್ರಾಯ ಬೇರೆಯಾಗಿತ್ತು. ಪ್ರಾಜೆಕ್ಟ್ ನಾಲ್ವರದು: ಇಬ್ಬರು ಮಾದರಿಯನ್ನು ಕಟ್ಟಿದ್ದರು, ಒಬ್ಬರು ವರದಿ ಬರೆದಿದ್ದರು, ದತ್ತಾಂಶವನ್ನು ಇಳಿಸಿಕೊಂಡು ಶುದ್ಧಗೊಳಿಸಿದವರು ಈ ಅಭ್ಯರ್ಥಿ. ಹಳೆಯ ಪೋಸ್ಟಿನಲ್ಲಿ ಅವರು ತಮ್ಮದಲ್ಲದ ಮಾದರಿಯನ್ನು ತಮ್ಮದೆಂದು ಹೇಳಿ, ತಮ್ಮದೇ ಆದ ಕೆಲಸದ ಬಗ್ಗೆ ಒಂದು ಪದವನ್ನೂ ಬರೆದಿರಲಿಲ್ಲ. ಟ್ರೈನಿ ಹುದ್ದೆಗೆ ಸೇರಿದವರ ಮೊದಲ ತಿಂಗಳುಗಳು ಹೆಚ್ಚಾಗಿ ಕಳೆಯುವುದು ಕೆಟ್ಟ ಸಾಲುಗಳನ್ನು ಹುಡುಕುವುದರಲ್ಲಿಯೇ ಆದ್ದರಿಂದ, ನೇಮಕ ಮಾಡುವವರಿಗೆ ನಿಜವಾಗಿ ಬೇಕಾದ ಸಂಗತಿ ಹೀಗೆ ಹೊರಗೇ ಉಳಿದಿತ್ತು.

ಶುದ್ಧಗೊಳಿಸುವುದು ಎಂದರೆ ಏನೆಂದು ವಿವರವಾಗಿ ಹೇಳಲು ಕೇಳಿದೆ. ಅವರು ಹೇಳಿದ್ದರಲ್ಲಿ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಮೋಡಲ್ ಬೆಲೆ ಯಾವತ್ತೂ ಕನಿಷ್ಠ ಮತ್ತು ಗರಿಷ್ಠ ಬೆಲೆಗಳ ನಡುವೆ ಇರಲೇಬೇಕು. ಇಲ್ಲದಿದ್ದರೆ ಯಾರೋ ನಮೂದಿಸುವಾಗ ತಪ್ಪಿದ್ದಾರೆ. ಈ ಒಂದು ನಿಯಮವನ್ನು ಎಲ್ಲ ಸಾಲುಗಳ ಮೇಲೂ ನಡೆಸಿದಾಗ, 2150 ಇರಬೇಕಾದ ಕಡೆ ಒಂದು ಸೊನ್ನೆ ಹೆಚ್ಚಾಗಿ 21500 ಆಗಿದ್ದ ಸಾಲು, ಕನಿಷ್ಠ ಮತ್ತು ಗರಿಷ್ಠ ಬೆಲೆಗಳು ಅದಲುಬದಲಾಗಿದ್ದ ಸಾಲುಗಳು ಹೊರಬಿದ್ದವು. ಅನುಮಾನದ ಸಾಲುಗಳನ್ನು ಅವರು ಅಳಿಸಿಹಾಕಲಿಲ್ಲ. ಬೇರೊಂದು ಹಾಳೆಗೆ ಸರಿಸಿ, ಪ್ರತಿಯೊಂದರ ಮುಂದೆ ಕಾರಣ ಬರೆದಿಟ್ಟರು. ಮೂರನೆಯ ಸೆಮಿಸ್ಟರಿನ ಪಠ್ಯದಲ್ಲಿ ಇದು ಇಲ್ಲ. ಎಲ್ಲಿ ಕಲಿತಿರಿ ಎಂದು ವಿಚಾರಿಸಿದಾಗ ಇನ್ನೊಂದು ವಿಷಯ ತಿಳಿಯಿತು.

ಎಪಿಎಂಸಿ ಪ್ರಾಂಗಣದಲ್ಲಿ ಅವರ ಸೋದರಮಾವನ ದಲಾಲಿ ಮಂಡಿ ಇದೆ. ಓದುವಾಗ ಒಂದು ಸುಗ್ಗಿಯ ಕಾಲ ಪೂರ್ತಿ ಅವರು ಅಲ್ಲಿ ಕೂತು, ರೈತರ ಲೆಕ್ಕಗಳನ್ನು ಎಕ್ಸೆಲ್‌ಗೆ ಏರಿಸಿದ್ದರು: ಲಾಟ್ ಸಂಖ್ಯೆ, ಚೀಲ, ತೂಕ, ದರ, ಹಮಾಲಿ, ಕೊನೆಗೆ ರೈತರಿಗೆ ಸಲ್ಲಬೇಕಾದ ಮೊತ್ತ. ಚೀಲದ ಲೆಕ್ಕಕ್ಕೂ ತೂಕದ ಲೆಕ್ಕಕ್ಕೂ ಹೊಂದಾಣಿಕೆಯಾಗದಿದ್ದರೆ ಆ ಸಾಲಿಗೆ ಕೆಂಪು ಬಣ್ಣ ಬರುವಂತೆ ಸೂತ್ರ ಹಾಕಿದ್ದರು. "ಅದು ಮನೆ ಕೆಲಸ ಸಾರ್, ಅದನ್ನ ಹೆಂಗೆ ಬರೀಲಿ?" ಎಂಬುದು ಅವರ ಪ್ರಶ್ನೆಯಾಗಿತ್ತು. ಸುಳ್ಳು ಅಂಕಿಯನ್ನು ತೆಗೆಯುವುದರಷ್ಟೇ ಮುಖ್ಯವಾದ ಕೆಲಸ ಇದನ್ನು ಒಳಗೆ ತರುವುದಾಗಿತ್ತು ಎಂದು ನಾನು ಈಗಲೂ ಭಾವಿಸುತ್ತೇನೆ. ನಮ್ಮ ಕಡೆಯ ಮಕ್ಕಳು ಅಂಗಡಿಯಲ್ಲಿ, ಮಂಡಿಯಲ್ಲಿ, ಸೊಸೈಟಿಯಲ್ಲಿ ಮಾಡಿದ ಲೆಕ್ಕದ ಕೆಲಸವನ್ನು ಮುಚ್ಚಿಟ್ಟು, ಎರಡು ದಿನದ ಕಾರ್ಯಾಗಾರದ ಪ್ರಮಾಣಪತ್ರವನ್ನು ಮೇಲೆ ಹಾಕಿಕೊಳ್ಳುವುದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕಿತ್ತು. ಮಂಡಿಯ ಲೆಕ್ಕ ರೈತರ ಖಾಸಗಿ ವ್ಯವಹಾರ. ಅಭ್ಯರ್ಥಿ ಮಾವನನ್ನು ಕೇಳಿದರು: "ಮಾವ, ನಾನು ನಿಮ್ಮಲ್ಲಿ ಮಾಡಿದ ಲೆಕ್ಕದ ಹಾಳೆ ಹಾಕಬಹುದಾ?" ಮಾವ ಹೇಳಿದ್ದು, "ರೈತರ ಹೆಸರು, ದುಡ್ಡು ಹೊರಗೆ ಹೋಗೋದು ಬೇಡವ್ವ. ಅಂಗಡಿ ಹೆಸರೂ ಬೇಡ. ಕೆಲಸ ಮಾಡಿದ್ದೆ ಅಂತ ಹೇಳ್ಕೊ, ಯಾರಾದ್ರೂ ಕೇಳಿದ್ರೆ ಫೋನ್ ಮಾಡ್ಲಿ." ಅದರಂತೆ ಅವರು ಕಲ್ಪಿತ ಹೆಸರು ಮತ್ತು ಮೊತ್ತಗಳಿಂದ ಹತ್ತು ಸಾಲಿನ ಒಂದು ನಮೂನೆ ಹಾಳೆಯನ್ನು ಹೊಸದಾಗಿ ತಯಾರಿಸಿ, ಅದು ಕಲ್ಪಿತವೆಂದು ಮೊದಲ ಸಾಲಿನಲ್ಲಿಯೇ ಬರೆದು, ಕೋಡ್ ಇಟ್ಟಿರುವ ಗಿಟ್‌ಹಬ್ ಕಡತಗಳ ಜೊತೆ ಸೇರಿಸಿದರು.

ಪರಿಚಯದ ಪದಗಳು

ಎಕ್ಸ್‌ನಲ್ಲಿ ಪರಿಚಯಕ್ಕೆ 160 ಅಕ್ಷರಗಳ ಮಿತಿ ಇದೆ. ಹಳೆಯ ಪರಿಚಯದ ಪ್ರತಿಯೊಂದು ಪದದ ಮುಂದೆಯೂ, ಇದನ್ನು ಕೊನೆಯ ಸಲ ಯಾವ ಕೆಲಸಕ್ಕೆ ಬಳಸಿದಿರಿ, ಆ ಕೆಲಸವನ್ನು ಇನ್ನೊಬ್ಬರು ತೆರೆದು ನೋಡಬಹುದೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಲು ಹೇಳಿದೆ. ಟ್ಯಾಬ್ಲೋ ಮತ್ತು ಪವರ್ ಬಿಐ ಒಂದು ಕಾರ್ಯಾಗಾರದಲ್ಲಿ ತೆರೆದು ನೋಡಿದ್ದವು, ಹೊರಗೆ ಹೋದವು. ಆರ್ ಭಾಷೆಯನ್ನು ಪ್ರಯೋಗಾಲಯದ ದಾಖಲೆ ಪುಸ್ತಕಕ್ಕಾಗಿ ಮಾತ್ರ ಬಳಸಿದ್ದರು, ಅದೂ ಹೋಯಿತು. "ಡೇಟಾ ಸೈಂಟಿಸ್ಟ್" ಎಂಬುದು ಯಾರೂ ಅವರಿಗೆ ಕೊಡದ ಹುದ್ದೆಯ ಹೆಸರಾಗಿದ್ದುದರಿಂದ, ಆ ಜಾಗದಲ್ಲಿ ಅವರು ಬಯಸುತ್ತಿರುವ ಹುದ್ದೆಯನ್ನು ಬಯಕೆಯೆಂದೇ ಬರೆಯುವುದು ಸರಿಯೆಂದು ತೀರ್ಮಾನಿಸಿದೆವು.

ಹೆಚ್ಚು ಹೊತ್ತು ಹಿಡಿದದ್ದು ಎಸ್‌ಕ್ಯೂಎಲ್. ಅಭ್ಯರ್ಥಿಗೆ ಎರಡು ಕೋಷ್ಟಕಗಳನ್ನು ಜೋಡಿಸುವುದು, ತಿಂಗಳವಾರು ಗುಂಪು ಮಾಡಿ ಸರಾಸರಿ ತೆಗೆಯುವುದು ಯಾರ ಸಹಾಯವಿಲ್ಲದೆ ಬರುತ್ತಿತ್ತು. ಹಿಂದಿನ ಸಾಲಿನ ಬೆಲೆಯನ್ನು ಈ ಸಾಲಿನ ಪಕ್ಕಕ್ಕೆ ತರುವ `LAG` ಮುಂತಾದ ವಿಂಡೋ ಫಂಕ್ಷನ್‌ಗಳು ಬರುತ್ತಿರಲಿಲ್ಲ. ಬರೀ "ಎಸ್‌ಕ್ಯೂಎಲ್" ಎಂದರೆ ಓದುವವರು ಎರಡನ್ನೂ ನಿರೀಕ್ಷಿಸುತ್ತಾರೆ. ಹೆಸರನ್ನೇ ತೆಗೆದುಬಿಟ್ಟರೆ ಇರುವ ಕೌಶಲವೂ ಮರೆಯಾಗುತ್ತದೆ. ಐದಕ್ಕೆ ಮೂರು ನಕ್ಷತ್ರ ಎಂದೋ 60% ಎಂದೋ ಗುರುತು ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಯಾವುದರ ಅರವತ್ತು ಭಾಗ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. "ಆರಂಭಿಕ" ಎಂಬ ಒಂದು ವಿಶೇಷಣವನ್ನು ಹಾಕಿ, ಯಾವುದು ಬರುತ್ತದೆ ಯಾವುದು ಬರುವುದಿಲ್ಲ ಎಂಬ ವಿವರವನ್ನು ಗಿಟ್‌ಹಬ್ ಕಡತಗಳ ವಿವರಣೆಯಲ್ಲಿ ಎರಡು ವಾಕ್ಯಗಳಲ್ಲಿ ಬರೆಯುವುದೆಂದಾಯಿತು.

ಅವರು ಹೊಸ ಪರಿಚಯವನ್ನು ಕನ್ನಡದಲ್ಲಿಯೇ ಬರೆಯಲು ಬಯಸಿದರು. ಕೃಷಿ ಬೆಲೆಗಳ ಬಗ್ಗೆ ಮಾತನಾಡುವ ಅವರ ಓದುಗರು ಅಲ್ಲಿ ಹೆಚ್ಚಾಗಿ ಕನ್ನಡದವರು. ಲಿಂಕ್ಡ್‌ಇನ್‌ನ ಶೀರ್ಷಿಕೆ ಸಾಲಿಗೆ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಹಾಕಿದರು. ಒಂದು ಕಡೆ "ಪರಿಣತೆ", ಇನ್ನೊಂದು ಕಡೆ "ಆರಂಭಿಕ" ಎಂದಿದ್ದರೆ ಎರಡನ್ನೂ ತೆರೆದು ನೋಡುವ ನೇಮಕಾತಿ ಸಿಬ್ಬಂದಿ ಎರಡನ್ನೂ ನಂಬುವುದಿಲ್ಲ. ಕನ್ನಡದಲ್ಲಿ ಬರೆಯುವವರು ಮಿತಿಯ ವಿಷಯದಲ್ಲಿ ಒಂದು ಅಂಶವನ್ನು ತಿಳಿದಿರಬೇಕು: ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಒತ್ತು ಇವೆಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಕಣ್ಣಿಗೆ ಒಂದೇ ಆಗಿ ಕಾಣುವ "ಕ್ಷೆ" ನಾಲ್ಕು ಎಣಿಕೆ ತಿನ್ನುತ್ತದೆ. ಮೊದಲ ಕರಡು "ಹುಡುಕುತ್ತಿದ್ದೇನೆ" ಎಂಬ ಪದದಿಂದಾಗಿಯೇ ಮಿತಿ ಮೀರಿತ್ತು. ಕೊನೆಗೆ ನಿಂತ ಪಠ್ಯ ಇದು:

"ಬಿಸಿಎ 2025, ದಾವಣಗೆರೆ. ಮಾರುಕಟ್ಟೆ ಬೆಲೆಯ ದತ್ತಾಂಶ ಶುದ್ಧಗೊಳಿಸುವುದು, ಪರಿಶೀಲಿಸುವುದು: ಪೈಥಾನ್ (ಪಾಂಡಾಸ್), ಎಕ್ಸೆಲ್, ಆರಂಭಿಕ ಎಸ್‌ಕ್ಯೂಎಲ್. ಅನಲಿಸ್ಟ್ ಟ್ರೈನಿ ಕೆಲಸ ಬೇಕಾಗಿದೆ."

ಇದು 155 ಅಕ್ಷರ. ಇದರಲ್ಲಿ ಉಪಕರಣಗಳ ಹೆಸರಿಗಿಂತ ಮುಂಚೆ ಕೆಲಸದ ಹೆಸರು ಬರುತ್ತದೆ ಎಂಬುದನ್ನು ಗಮನಿಸಬೇಕು. ಪೈಥಾನ್ ಬರುತ್ತದೆ ಎನ್ನುವವರು ಸಾವಿರಾರು. ಮಾರುಕಟ್ಟೆ ಬೆಲೆಯ ಪಟ್ಟಿಯಲ್ಲಿ ಏನು ಕೆಡುತ್ತದೆ ಎಂದು ಬಲ್ಲವರು ಅಷ್ಟಿಲ್ಲ. ಮಂಡಿಯ ಕೆಲಸಕ್ಕೆ ಇಲ್ಲಿ ಜಾಗ ಸಿಗಲಿಲ್ಲ. ಅದನ್ನು ಲಿಂಕ್ಡ್‌ಇನ್‌ನ ಅನುಭವದ ವಿಭಾಗದಲ್ಲಿ, "ಕುಟುಂಬದ ದಲಾಲಿ ಮಂಡಿ, ಲೆಕ್ಕದ ಸಹಾಯ, ಒಂದು ಸುಗ್ಗಿ" ಎಂಬ ಅರ್ಥ ಬರುವಂತೆ ಬರೆದರು. ಕುಟುಂಬದ್ದು ಎಂಬ ಪದವನ್ನು ಬಿಡಬಾರದೆಂದು ನಾನು ಒತ್ತಾಯಿಸಿದೆ. ವಿಚಾರಣೆಗೆ ಫೋನ್ ಮಾಡಿದವರಿಗೆ ಅದು ಹೇಗೂ ತಿಳಿಯುವ ಸಂಗತಿ, ಮೊದಲೇ ಹೇಳಿದ್ದರೆ ಅದರಿಂದ ಯಾವ ಹಾನಿಯೂ ಇಲ್ಲ.

ಹೊಸ ಪೋಸ್ಟ್, ಹಳೆಯ ಪೋಸ್ಟ್

ಪಿನ್ ಮಾಡುವ ಪೋಸ್ಟಿಗೆ ಉಚಿತ ಖಾತೆಯಲ್ಲಿ 280 ಅಕ್ಷರಗಳ ಅವಕಾಶವಿದೆ. ಅದರಲ್ಲಿ ಕೊಂಡಿ ಎಷ್ಟೇ ಉದ್ದವಿದ್ದರೂ 23 ಅಕ್ಷರವೆಂದು ಎಣಿಕೆಯಾಗುತ್ತದೆ. ಅಭ್ಯರ್ಥಿಯ ಮೊದಲ ಕರಡು ತಪ್ಪೊಪ್ಪಿಗೆಯ ಧಾಟಿಯಲ್ಲಿತ್ತು, ಕ್ಷಮೆ ಕೋರುವ ಮಾತುಗಳೇ ಅರ್ಧ ಜಾಗ ತಿಂದಿದ್ದವು. ಪೋಸ್ಟಿನಲ್ಲಿ ನಾಲ್ಕು ಸಂಗತಿಗಳು ಇದ್ದರೆ ಸಾಕೆಂದು ಹೇಳಿದೆ: ಯಾವ ದತ್ತಾಂಶ, ಅದರಲ್ಲಿ ತಮ್ಮ ಪಾಲು ಯಾವುದು, ಏನು ಕಂಡುಬಂತು, ನೋಡುವುದೆಲ್ಲಿ. ಪಠ್ಯ ಹೀಗಾಯಿತು:

"ದಾವಣಗೆರೆ ಎಪಿಎಂಸಿಯ 3 ವರ್ಷದ ಮೆಕ್ಕೆಜೋಳದ ಬೆಲೆಪಟ್ಟಿ: ನಾಲ್ವರ ಪ್ರಾಜೆಕ್ಟ್, ದತ್ತಾಂಶ ಶುದ್ಧಗೊಳಿಸಿದ್ದು ನಾನು. ಸಮಯದ ಕ್ರಮದಲ್ಲಿ ಪರೀಕ್ಷಿಸಿದಾಗ ಮಾದರಿಯ ಸರಾಸರಿ ತಪ್ಪು ಕ್ವಿಂಟಲ್‌ಗೆ 31 ರೂ.; 'ನಿನ್ನೆಯ ಬೆಲೆಯೇ ಇಂದಿಗೂ' ಎಂದರೆ 28 ರೂ. ಮಾದರಿ ಗೆಲ್ಲಲಿಲ್ಲ. ಶುದ್ಧ ಕೋಷ್ಟಕ, ಕೋಡ್:"

ಕೊಂಡಿಯೂ ಸೇರಿ ಇದು 263 ಅಕ್ಷರ. ಜೊತೆಗೆ ಮೂವತ್ತು ದಿನಗಳ ಗ್ರಾಫ್ ಹಾಕಿದರು. ನಿಜವಾದ ಬೆಲೆ, ಮಾದರಿಯ ಊಹೆ, ನಿನ್ನೆಯ ಬೆಲೆ ಎಂಬ ಮೂರು ಗೆರೆಗಳು, ಬೆಲೆಯ ಅಕ್ಷದ ಮೇಲೆ ರೂಪಾಯಿಯ ಅಂಕಿಗಳು. ಗ್ರಾಫಿನ ಪಠ್ಯ ವಿವರಣೆಯಲ್ಲಿ ಅದೇ ಮೂರು ಗೆರೆಗಳ ಹೆಸರನ್ನೂ ಕಾಲಾವಧಿಯನ್ನೂ ಬರೆದರು. ಮಾದರಿ ಸೋತಿದೆ ಎಂದು ಪಿನ್ ಮಾಡಿ ಹೇಳಿದರೆ ನೇಮಕ ಮಾಡುವವರು ಮುಖ ತಿರುಗಿಸುವುದಿಲ್ಲವೇ ಎಂಬ ಅನುಮಾನ ಅಭ್ಯರ್ಥಿಗಿತ್ತು. ಕ್ಷೇತ್ರವನ್ನು ಬಲ್ಲವರ ಮಟ್ಟಿಗೆ ಹಾಗಾಗುವುದಿಲ್ಲ: ಸರಳ ಊಹೆಯೊಂದಿಗೆ ಹೋಲಿಸಿದ್ದು, ಸಮಯದ ಕ್ರಮವನ್ನು ಪಾಲಿಸಿದ್ದು, ತಪ್ಪನ್ನು ರೂಪಾಯಿಯಲ್ಲಿ ಹೇಳಿದ್ದು, ಈ ಮೂರೂ ಅವರಿಗೆ ಕೌಶಲದ ಗುರುತುಗಳಾಗಿಯೇ ಕಾಣುತ್ತವೆ. ಕ್ಷೇತ್ರದ ಪರಿಚಯವಿಲ್ಲದೆ ಪದಗಳನ್ನು ಮಾತ್ರ ಹುಡುಕಿ ಪಟ್ಟಿ ಮಾಡುವ ನೇಮಕಾತಿ ಸಂಸ್ಥೆಗಳ ವಿಷಯ ಬೇರೆ. ಅಲ್ಲಿ ಹಳೆಯ ಪರಿಚಯಕ್ಕೆ ಹೆಚ್ಚು ಕರೆಗಳು ಬರುವ ಸಾಧ್ಯತೆ ಇದೆ, ಇದನ್ನು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಆ ಕರೆಗಳು ಕೊನೆಗೆ ತಲುಪುವುದು ಮೊದಲ ಸಂದರ್ಶನದಂಥದೇ ಪ್ರಶ್ನೆಗೆ ಎಂಬುದನ್ನೂ ಹೇಳಿದೆ. ಆಯ್ಕೆ ಅವರದಾಗಿತ್ತು.

ಪ್ರಕಟಿಸುವ ಮುನ್ನ ಉಳಿದ ಮೂವರ ಒಪ್ಪಿಗೆ ಬೇಕಿತ್ತು. ಮಾದರಿ ಕಟ್ಟಿದ ಇಬ್ಬರಲ್ಲಿ ಒಬ್ಬರಿಗೆ ಇದು ಇಷ್ಟವಾಗಲಿಲ್ಲ. ಅವರ ಪ್ರೊಫೈಲಿನಲ್ಲಿಯೂ ಅದೇ 97 ಇತ್ತು. ಪೋಸ್ಟಿನಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲ, ಹೊಸ ಪರೀಕ್ಷೆಯ ಕೋಡನ್ನು ಮೊದಲು ಅವರಿಗೇ ಕಳಿಸುತ್ತೇನೆ, ಅದರಲ್ಲಿ ತಪ್ಪು ಕಂಡರೆ ಪ್ರಕಟಿಸುವುದಿಲ್ಲ ಎಂದು ಅಭ್ಯರ್ಥಿ ಹೇಳಿದ ಮೇಲೆ ಒಪ್ಪಿದರು. ಅವರು ಕೋಡನ್ನು ನಡೆಸಿ ನೋಡಿದರು. ಅಂಕಿಗಳು ಹಾಗೆಯೇ ಬಂದವು. ಗುಂಪಿನ ಕೆಲಸವನ್ನು ಒಬ್ಬರು ತಮ್ಮ ಪ್ರೊಫೈಲಿನಲ್ಲಿ ತೋರಿಸುವಾಗ ಈ ಹಂತವನ್ನು ಬಿಟ್ಟುಬಿಡುವುದರಿಂದ ಸ್ನೇಹಗಳು ಕೆಟ್ಟಿರುವುದನ್ನು ಕಂಡಿದ್ದೇನೆ.

ಹಳೆಯ ಪೋಸ್ಟನ್ನು ಏನು ಮಾಡಬೇಕೆಂಬುದು ಉಳಿದ ಪ್ರಶ್ನೆ. ಉಚಿತ ಖಾತೆಯಲ್ಲಿ ಅದನ್ನು ತಿದ್ದಲು ಬರುವುದಿಲ್ಲ. ಸದ್ದಿಲ್ಲದೆ ಅಳಿಸಿಬಿಡಬಹುದಿತ್ತು, ಆದರೆ ಅದನ್ನು ಹಲವರು ಹಂಚಿಕೊಂಡಿದ್ದರು, ಅವರ ಕಾಲೇಜಿನ ಅಧ್ಯಾಪಕರೊಬ್ಬರು ಹೊಗಳಿ ಬರೆದಿದ್ದರು. ಅಳಿಸಿದರೆ ಅವರೆಲ್ಲರ ನೆನಪಿನಲ್ಲಿ 97 ಉಳಿಯುತ್ತದೆ, ತಿದ್ದುಪಡಿ ತಲುಪುವುದಿಲ್ಲ. ಆದ್ದರಿಂದ ಪಿನ್ ತೆಗೆದು, ಹಳೆಯ ಪೋಸ್ಟಿಗೇ ಉತ್ತರವಾಗಿ, "ಈ ಅಂಕಿ ಆರ್-ಸ್ಕ್ವೇರ್, ನಿಖರತೆ ಅಲ್ಲ, ಪರೀಕ್ಷೆಯ ಕ್ರಮವೂ ಸರಿಯಿರಲಿಲ್ಲ, ಹೊಸ ಫಲಿತಾಂಶ ಇಲ್ಲಿದೆ" ಎಂದು ಬರೆದು ಹೊಸ ಪೋಸ್ಟಿನ ಕೊಂಡಿ ಕೊಟ್ಟರು.

ಮುಂದಿನ ವಾರಗಳಲ್ಲಿ ಹೊಸ ಪೋಸ್ಟಿಗೆ ಬಂದ ಮೆಚ್ಚುಗೆಗಳು ಹಳೆಯದಕ್ಕಿಂತ ಬಹಳ ಕಡಿಮೆ. ಬಂದ ಪ್ರಶ್ನೆಗಳ ಸ್ವರೂಪ ಮಾತ್ರ ಬದಲಾಗಿತ್ತು. ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುವವರೊಬ್ಬರು ಇದೇ ಪರಿಶೀಲನೆಯನ್ನು ಶೇಂಗಾ ಬೆಲೆಪಟ್ಟಿಗೆ ಮಾಡಬಹುದೇ ಎಂದು ಕೇಳಿದರು. ಕೃಷಿ ಉತ್ಪನ್ನಗಳ ಬೆಲೆ ವಿಶ್ಲೇಷಣೆ ಮಾಡುವ ಒಬ್ಬರು, ಆವಕದ ಅಂಕಿ ಆಯಾ ತಳಿಯದೋ ಒಟ್ಟು ಮಾರುಕಟ್ಟೆಯದೋ ಎಂದು ವಿಚಾರಿಸಿದರು. ಅಭ್ಯರ್ಥಿ ಪಟ್ಟಿಯನ್ನು ಮತ್ತೆ ನೋಡಿ ಉತ್ತರಿಸಿ, ಆ ವಿವರವನ್ನು ಗಿಟ್‌ಹಬ್ ವಿವರಣೆಗೂ ಸೇರಿಸಿದರು. ನಂತರದ ಸಂದರ್ಶನವೊಂದರಲ್ಲಿ ಮಾತೆಲ್ಲ 21500 ಎಂಬ ಸಾಲನ್ನು ಹೇಗೆ ಹಿಡಿದಿರಿ ಎಂಬುದರ ಸುತ್ತಲೇ ನಡೆಯಿತೆಂದು ತಿಳಿಸಿದರು, ಮತ್ತು ಮೂರು ತಿಂಗಳ ಟ್ರೈನಿ ಅವಧಿಗೆ ಅವರನ್ನು ತೆಗೆದುಕೊಂಡರು. ಒಂದೇ ಪ್ರೊಫೈಲಿನ ಬದಲಾವಣೆಯಿಂದ ಇದು ಆಯಿತೆಂದು ಹೇಳಲು ಬರುವುದಿಲ್ಲ. ಅದೇ ಅವಧಿಯಲ್ಲಿ ಅವರು ಅರ್ಜಿ ಹಾಕುವ ಸಂಸ್ಥೆಗಳನ್ನೂ ಬದಲಿಸಿದ್ದರು.

ಪರಿಚಯದ ಕೊನೆಯ ವಾಕ್ಯವನ್ನು ಕೆಲಸ ಸಿಕ್ಕ ದಿನವೇ ತೆಗೆದರು. "ಆರಂಭಿಕ" ಎಂಬ ಪದ ಇನ್ನೂ ಇದೆ. ಅದೇ ಬೆಲೆಪಟ್ಟಿಯ ಮೇಲೆ `LAG` ಬಳಸಿ 28 ರೂಪಾಯಿಯ ಲೆಕ್ಕವನ್ನು ಎಸ್‌ಕ್ಯೂಎಲ್‌ನಲ್ಲಿಯೂ ತೆಗೆದು, ಆ ಕೋಡನ್ನು ಕಡತಗಳ ಜೊತೆ ಇಟ್ಟ ಮೇಲೆ ಅದನ್ನು ತೆಗೆಯುವುದೆಂದು ನಿಶ್ಚಯಿಸಿದ್ದಾರೆ. ಪಿನ್ ಮಾಡಿದ ಪೋಸ್ಟ್, ಶೇಂಗಾ ಪಟ್ಟಿಯ ಕೆಲಸ ಮುಗಿಯುವ ತನಕ ಅಲ್ಲಿಯೇ ಇರುತ್ತದೆ.